ಪೊಸಕೊನಜೋಲ್ ಸೇರಿಸಿದ ಮೇಲೆ ವೆನೆಟೋಕ್ಲಾಕ್ಸ್ 400ರಿಂದ 70ಕ್ಕೆ ಇಳಿಸಿದ್ದೇಕೆ?

"ಅಪ್ಪನಿಗೆ ಎಎಂಎಲ್ ರಕ್ತ ಕ್ಯಾನ್ಸರ್. ಅಜಾಸಿಟಿಡಿನ್ ಇಂಜೆಕ್ಷನ್ ಜೊತೆ ವೆನೆಟೋಕ್ಲಾಕ್ಸ್ 400 ಮಿ.ಗ್ರಾಂ ನಡೀತಿತ್ತು. ಈಗ ಫಂಗಸ್ ಬರಬಾರದು ಅಂತ ಪೊಸಕೊನಜೋಲ್ ಸೇರಿಸಿ ವೆನೆಟೋಕ್ಲಾಕ್ಸ್ 70ಕ್ಕೆ ಇಳಿಸಿದ್ದಾರೆ. ಕ್ಯಾನ್ಸರ್ ಮಾತ್ರೆನೇ ಕಮ್ಮಿ ಮಾಡಿದ್ರೆ ಹೇಗೆ? ಮೂರನೇ ದಿನ ರಕ್ತ ತೆಗೆದಾಗ ಪೊಸಕೊನಜೋಲ್ 0.4 ಬಂತು, ಸಾಲದು ಅಂದ್ರು. ಹಾಗಾದ್ರೆ ವೆನೆಟೋಕ್ಲಾಕ್ಸ್ ವಾಪಸ್ ಜಾಸ್ತಿ ಮಾಡಬೇಕಾ?"

ಬೇಡ. ನಾನು ರಕ್ತ ಕ್ಯಾನ್ಸರ್ ವಾರ್ಡಿನಲ್ಲಿ ಕ್ಲಿನಿಕಲ್ ಫಾರ್ಮಸಿಸ್ಟ್. ಡೋಸ್ ಹೀಗೆ ಇಳಿದಾಗ ಮನೆಯವರಿಗೆ ಗಾಬರಿಯಾಗುವುದನ್ನು ದಿನಾ ನೋಡುತ್ತೇನೆ. ಮಾತ್ರೆಯ ಮೇಲಿನ ಅಂಕಿ ಕಡಿಮೆಯಾಗಿದೆ ನಿಜ. ಆದರೆ ಮೈಯೊಳಗೆ ಓಡಾಡುವ ಔಷಧಿ ಅಷ್ಟು ಕಡಿಮೆಯಾಗಿಲ್ಲ.

ವೆನೆಟೋಕ್ಲಾಕ್ಸನ್ನು ಒಡೆದು ಹೊರಹಾಕುವುದು ಹೆಚ್ಚಾಗಿ ಲಿವರ್‌ನಲ್ಲಿರುವ ಸಿವೈಪಿ3ಎ4 ಎಂಬ ಕಿಣ್ವ. ಪೊಸಕೊನಜೋಲ್ ಆ ಕಿಣ್ವದ ಕೈ ಕಟ್ಟಿಹಾಕುತ್ತದೆ. ಆಗ ನುಂಗಿದ ವೆನೆಟೋಕ್ಲಾಕ್ಸ್ ಹೊರಗೆ ಹೋಗದೆ ರಕ್ತದಲ್ಲೇ ಉಳಿಯುತ್ತದೆ, ಮಟ್ಟ ಹಲವು ಪಟ್ಟು ಏರುತ್ತದೆ. ಅದಕ್ಕೇ ಪೊಸಕೊನಜೋಲ್ ಜೊತೆಗಿದ್ದಾಗ ದಿನಕ್ಕೆ 70 ಮಿ.ಗ್ರಾಂ ಎಂದು ಅಮೆರಿಕದ ಔಷಧಿ ಲೇಬಲ್ಲಿನಲ್ಲೇ ಇದೆ. ಕೆಲವು ವೈದ್ಯರು 50 ಅಥವಾ 100 ಕೊಡುವುದೂ ಉಂಟು. 400ನ್ನೇ ಮುಂದುವರಿಸಿದರೆ ಏನಾಗುತ್ತದೆ ಗೊತ್ತಾ? ಕೀಮೋ ನಂತರ ಮೇಲೇಳಬೇಕಾದ ಬಿಳಿ ರಕ್ತಕಣ, ಪ್ಲೇಟ್‌ಲೆಟ್ ವಾರಗಟ್ಟಲೆ ನೆಲ ಬಿಟ್ಟು ಏಳುವುದಿಲ್ಲ. ಸೋಂಕಿನ ವಿರುದ್ಧ ಹೋರಾಡುವ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣ ಇಲ್ಲದ ದಿನಗಳು ಉದ್ದವಾದಷ್ಟೂ ಫಂಗಸ್‌ಗೆ ದಾರಿ ಸುಲಭ. ಅಂದರೆ ಯಾವುದನ್ನು ತಡೆಯಲು ಪೊಸಕೊನಜೋಲ್ ಕೊಟ್ಟರೋ ಅದನ್ನೇ ಕರೆದ ಹಾಗಾಯಿತು. ಅಜಾಸಿಟಿಡಿನ್ ಈ ಕಿಣ್ವದ ದಾರಿ ಹಿಡಿಯುವುದಿಲ್ಲ, ಅದರ ಡೋಸ್ ಮುಟ್ಟಬೇಕಿಲ್ಲ.

ಮನೆಯಲ್ಲಿ ಒಂದು ಕಡೆ ಮಾತ್ರ ತುಂಬಾ ಎಚ್ಚರ ಬೇಕು. ವೆನೆಟೋಕ್ಲಾಕ್ಸ್ 10, 50, 100 ಮಿ.ಗ್ರಾಂ ಮಾತ್ರೆಗಳಲ್ಲಿ ಬರುತ್ತದೆ. 400 ನಡೆಯುವಾಗ ಅಪ್ಪ 100ರ ನಾಲ್ಕು ನುಂಗುತ್ತಿದ್ದಿರಬೇಕು. 70 ಅಂದರೆ 50ರದು ಒಂದು, 10ರದು ಎರಡು. ಹಳೇ 100ರ ಡಬ್ಬಿ ಕಪಾಟಿನಲ್ಲಿ ಹಾಗೇ ಇದ್ದರೆ ಅಭ್ಯಾಸಬಲದಿಂದ ಕೈ ಅಲ್ಲಿಗೇ ಹೋಗುತ್ತದೆ. ಅದನ್ನು ಇವತ್ತೇ ಬೇರೆ ಕಡೆ ಎತ್ತಿಡಿ.

ಇನ್ನು 0.4ರ ವಿಷಯ. ಫಂಗಸ್ ತಡೆಯುವುದಕ್ಕೆ ಸಾಮಾನ್ಯವಾಗಿ ಬೇಕೆನ್ನುವ ಮಟ್ಟ ಮಿಲಿಲೀಟರಿಗೆ 0.7 ಮೈಕ್ರೋಗ್ರಾಂಗಿಂತ ಮೇಲೆ. ಕೆಲವು ಲ್ಯಾಬ್‌ಗಳು ನ್ಯಾನೋಗ್ರಾಂನಲ್ಲಿ ಬರೆಯುತ್ತವೆ, ಅಲ್ಲಿ ಅದೇ 0.7ನ್ನು 700 ಅಂತ ಓದಬೇಕು. ಆದರೆ ನನಗೆ 0.4ಕ್ಕಿಂತ ಹೆಚ್ಚು ಕಣ್ಣಿಗೆ ಬಿದ್ದಿದ್ದು 'ಮೂರನೇ ದಿನ' ಅನ್ನುವ ಮಾತು. ಪೊಸಕೊನಜೋಲ್ ನಿಧಾನಕ್ಕೆ ಹೊರಹೋಗುವ ಔಷಧಿ. ರಕ್ತದಲ್ಲಿ ಅರ್ಧ ಇಳಿಯಲು ಒಂದು ದಿನಕ್ಕಿಂತ ಜಾಸ್ತಿ ಹಿಡಿಯುತ್ತದೆ. ಹಾಗಾಗಿ ಒಂದು ಮಟ್ಟಕ್ಕೆ ಬಂದು ನಿಲ್ಲಲು ಸುಮಾರು ಒಂದು ವಾರ ಬೇಕು. ಮೂರನೇ ದಿನದ ಅಂಕಿ ಇನ್ನೂ ಏರುತ್ತಿರುವ ಅಂಕಿ. ಅದನ್ನು ನೋಡಿ ಸಾಲದು ಅನ್ನುವುದು ಅವಸರವೇ. ಐದರಿಂದ ಏಳನೇ ದಿನದೊಳಗೆ, ಅವತ್ತಿನ ಮಾತ್ರೆ ನುಂಗುವ ಮೊದಲು, ರಕ್ತ ತೆಗೆಯಬೇಕು. ಮಾತ್ರೆ ನುಂಗಿ ಎರಡು ಗಂಟೆ ಬಿಟ್ಟು ತೆಗೆದರೆ ಆ ಅಂಕಿಯನ್ನು 0.7ಕ್ಕೆ ಹೋಲಿಸಲು ಬರುವುದಿಲ್ಲ. ಬೆಳಗ್ಗೆ ಲ್ಯಾಬಿನವರು ಬರುವ ಹೊತ್ತಿಗೆ ಅಪ್ಪ ಮಾತ್ರೆ ತೆಗೆದುಕೊಂಡುಬಿಟ್ಟಿದ್ದರೆ ಬಾಯಿಬಿಟ್ಟು ಹೇಳಿ.

ಮೊದಲ ದಿನ ಹೇಗೆ ಕೊಟ್ಟರು ಅನ್ನುವುದನ್ನೂ ಕೇಳಿ. ಮಾತ್ರೆಯಾದರೆ ಮೊದಲ ದಿನ 300 ಮಿ.ಗ್ರಾಂ ಎರಡು ಸಲ, ಆಮೇಲೆ ದಿನಕ್ಕೊಂದು ಸಲ 300. ಮೊದಲ ದಿನದ ಆ ಎರಡನೇ ಡೋಸ್ ತಪ್ಪಿಹೋದರೆ ಮಟ್ಟ ಏರುವುದು ತಡವಾಗುತ್ತದೆ. ವಾರ್ಡಿನಲ್ಲಿ ಸಂಜೆ ಮಾತ್ರೆ ಶುರುವಾದವರಲ್ಲಿ ಇದು ಆಗುತ್ತಿರುತ್ತದೆ.

ಕೊಟ್ಟಿದ್ದು ಮಾತ್ರೆಯೋ ಸಿರಪ್ಪೋ ಎಂಬುದೂ ಮುಖ್ಯ. 2007ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಎಎಂಎಲ್ ಮತ್ತು ಎಂಡಿಎಸ್ ಎಂಬ ಮೂಳೆಮಜ್ಜೆಯ ಕಾಯಿಲೆಯ ರೋಗಿಗಳಿಗೆ ಕೊಟ್ಟಿದ್ದು ಸಿರಪ್. ಖಚಿತ ಅಥವಾ ಬಹುತೇಕ ಖಚಿತ ಎನ್ನುವಂಥ ಫಂಗಸ್ ಸೋಂಕು ಪೊಸಕೊನಜೋಲ್ ಗುಂಪಿನಲ್ಲಿ ನೂರಕ್ಕೆ 2 ಮಂದಿಗೆ ಬಂತು, ಹಳೇ ಔಷಧಿಗಳ ಗುಂಪಿನಲ್ಲಿ 8 ಮಂದಿಗೆ. ಔಷಧಿ ಒಳ್ಳೆಯದೇ. ಆದರೆ ಸಿರಪ್ ಮೈಗೆ ಹಿಡಿಯಬೇಕಾದರೆ ಹೊಟ್ಟೆಯಲ್ಲಿ ಜಿಡ್ಡಿನ ಊಟವೂ ಬೇಕು, ಆಮ್ಲವೂ ಬೇಕು. ಪ್ಯಾಂಟೊಪ್ರಜೋಲ್ ತರಹದ ಗ್ಯಾಸ್ ಮಾತ್ರೆ ನಡೆಯುತ್ತಿದ್ದರೆ, ಊಟ ಸೇರದಿದ್ದರೆ ಅದರ ಮಟ್ಟ ಮೇಲೇಳುವುದೇ ಇಲ್ಲ. ಮಾತ್ರೆಗೆ ಈ ಕಾಟ ಅಷ್ಟಿಲ್ಲ, ಆದರೂ ಊಟದ ಜೊತೆ ತೆಗೆದುಕೊಳ್ಳಲಿ. ಪುಡಿ ಮಾಡಬಾರದು, ಮುರಿಯಬಾರದು. ಮಾತ್ರೆಯ ಬದಲು ಅಷ್ಟೇ ಮಿಲಿಗ್ರಾಂ ಸಿರಪ್ ಕೊಟ್ಟರೆ ಸರಿಹೋಗುವುದೂ ಇಲ್ಲ.

ನಿಮ್ಮ ಅಪ್ಪನ ಲೆಕ್ಕ ಹೀಗೆ ನಡೆಯಬಹುದು. ಮೊದಲ ದಿನದ ಎರಡೂ ಡೋಸ್ ಸಿಕ್ಕಿದೆ, ಮಾತ್ರೆ ಇಡಿಯಾಗಿ ನುಂಗುತ್ತಿದ್ದಾರೆ, ಮೂರನೇ ದಿನ 0.4. ಏಳನೇ ದಿನ ಮತ್ತೆ ತೆಗೆದಾಗ 0.8 ಅಥವಾ 0.9 ಬಂದರೆ ಏನೂ ಬದಲಿಸುವುದು ಬೇಡ. ಆಗಲೂ 0.4ರಲ್ಲೇ ನಿಂತಿದ್ದರೆ ಕಾರಣ ಹುಡುಕಬೇಕು. ಭೇದಿ ಆಗುತ್ತಿದೆಯಾ? ಫಿಟ್ಸ್‌ಗೆ ಫೆನಿಟಾಯಿನ್ ಅಥವಾ ಕಾರ್ಬಮಾಜೆಪಿನ್, ಟಿಬಿಗೆ ರಿಫಾಂಪಿಸಿನ್ ನಡೆಯುತ್ತಿದೆಯಾ? ಇವು ಪೊಸಕೊನಜೋಲನ್ನು ತಿಂದುಹಾಕುತ್ತವೆ. ಭೇದಿಯೇ ಕಾರಣವಾದರೆ ಕೆಲವು ದಿನ ಪೊಸಕೊನಜೋಲನ್ನೇ ರಕ್ತನಾಳದ ಮೂಲಕ ಕೊಡಬಹುದು. ಯಾವ ಕಾರಣವೂ ಸಿಗದಿದ್ದರೆ ವೈದ್ಯರು ಪೊಸಕೊನಜೋಲನ್ನು ದಿನಕ್ಕೆ 400ಕ್ಕೆ ಏರಿಸಿ, ಮತ್ತೆ ಒಂದು ವಾರ ಬಿಟ್ಟು ಮಟ್ಟ ನೋಡುವುದುಂಟು. ಇಷ್ಟೆಲ್ಲಾ ಆಗುವಾಗಲೂ ವೆನೆಟೋಕ್ಲಾಕ್ಸ್ 70ರಲ್ಲೇ ಇರುತ್ತದೆ. ಅದರ ಡೋಸ್ ಪೊಸಕೊನಜೋಲ್ ಜೊತೆಗಿದೆಯೋ ಇಲ್ಲವೋ ಅನ್ನುವುದರ ಮೇಲೆ ನಿಂತಿದೆ, ಆ ವಾರದ ಅಂಕಿಯ ಮೇಲಲ್ಲ.

ಪೊಸಕೊನಜೋಲ್ ನಿಲ್ಲಿಸುವ ದಿನದ ಬಗ್ಗೆ ನನಗೆ ಇದಕ್ಕಿಂತ ಜಾಸ್ತಿ ಚಿಂತೆ. ನ್ಯೂಟ್ರೋಫಿಲ್ 500 ದಾಟಿ ನಿಂತ ಮೇಲೆ ಸಾಮಾನ್ಯವಾಗಿ ಇದನ್ನು ನಿಲ್ಲಿಸುತ್ತಾರೆ. ಫಂಗಸ್ ಮಾತ್ರೆ ನಿಂತಿತು ಅಂತ ಮನೆಯವರು ಖುಷಿಪಡುತ್ತಾರೆ, ವೆನೆಟೋಕ್ಲಾಕ್ಸ್ 70ರಲ್ಲೇ ಮುಂದುವರಿಯುತ್ತದೆ. ಆಗ ಮಾತ್ರ ನಿಮ್ಮ ಭಯ ನಿಜವಾಗುತ್ತದೆ. ಕಿಣ್ವದ ಕಟ್ಟು ಬಿಚ್ಚಿಕೊಳ್ಳುತ್ತದೆ, ಕ್ಯಾನ್ಸರ್ ಔಷಧಿ ಸಾಲದೇ ಹೋಗುತ್ತದೆ. ಪೊಸಕೊನಜೋಲ್ ನಿಂತು 2-3 ದಿನಕ್ಕೆ ವೆನೆಟೋಕ್ಲಾಕ್ಸ್ ಹಿಂದಿನ ಡೋಸಿಗೆ ಮರಳಬೇಕು. ಅವತ್ತೇ ಅಲ್ಲ, ಏಕೆಂದರೆ ಹಳೇ ಪೊಸಕೊನಜೋಲ್ ಇನ್ನೂ ರಕ್ತದಲ್ಲಿರುತ್ತದೆ. ಡಿಸ್ಚಾರ್ಜ್ ಚೀಟಿಯಲ್ಲಿ ಎರಡೂ ದಿನಾಂಕ ಬರೆಸಿಕೊಳ್ಳಿ.

ಅಪ್ಪನ ಬೇರೆ ಮಾತ್ರೆಗಳ ಪಟ್ಟಿಯನ್ನೂ ತೋರಿಸಿ. ಕೊಲೆಸ್ಟ್ರಾಲಿಗೆ ಅಟೊರ್ವಾಸ್ಟಾಟಿನ್ ಅಥವಾ ಸಿಮ್ವಾಸ್ಟಾಟಿನ್ ಇದ್ದರೆ ಅದನ್ನು ನಿಲ್ಲಿಸಬೇಕಾಗುತ್ತದೆ, ಮಾಂಸಖಂಡಕ್ಕೆ ಪೆಟ್ಟು ಬೀಳಬಹುದು. ಬಿಪಿ ಹೊಸದಾಗಿ ಏರಿ, ಪೊಟ್ಯಾಸಿಯಂ ಮಾತ್ರ ಇಳಿಯುತ್ತಾ ಹೋದರೆ ಪೊಸಕೊನಜೋಲ್ ಮೇಲೂ ಅನುಮಾನ ಇರಲಿ. ಮಟ್ಟ ಜಾಸ್ತಿಯಾದವರಲ್ಲಿ ಹೀಗಾಗುವುದುಂಟು. ಪೊಟ್ಯಾಸಿಯಂ ಇಳಿದಿರುವಾಗ ವಾಂತಿಗೆ ಒಂಡಾನ್ಸೆಟ್ರಾನ್ ಕೂಡ ಕೊಡುತ್ತಿದ್ದರೆ ಇಸಿಜಿ ತೆಗೆಸಬೇಕು, ಎರಡೂ ಸೇರಿ ಹೃದಯದ ಬಡಿತದ ಲಯ ಕೆಡಿಸಬಹುದು.

ಇದನ್ನು ಓದುತ್ತಿರುವ ಎಎಲ್ಎಲ್ ಎಂಬ ಇನ್ನೊಂದು ರಕ್ತ ಕ್ಯಾನ್ಸರಿನ ರೋಗಿಗಳ ಮನೆಯವರಿಗೆ ಒಂದು ಮಾತು: ಇದೇ ಪೊಸಕೊನಜೋಲ್ ನಮಗೂ ಬರೆದುಕೊಡಿ ಅಂತ ಕೇಳಲು ಹೋಗಬೇಡಿ. ನಿಮ್ಮ ಚಿಕಿತ್ಸೆಯಲ್ಲಿ ವಿನ್‌ಕ್ರಿಸ್ಟಿನ್ ಎಂಬ ಕೀಮೋ ಔಷಧಿ ಇರುತ್ತದೆ ಅಲ್ವಾ, ಅದನ್ನೂ ಒಡೆಯುವುದು ಇದೇ ಕಿಣ್ವ. ಎರಡೂ ಸೇರಿದರೆ ಕರುಳು ಚಲನೆಯನ್ನೇ ನಿಲ್ಲಿಸಬಹುದು, ಕೈಕಾಲು ಜೋಮು ಹಿಡಿಯಬಹುದು, ಫಿಟ್ಸ್ ಬರಬಹುದು. ಅಲ್ಲಿ ಮೈಕಾಫಂಜಿನ್ ತರಹದ ಇಂಜೆಕ್ಷನ್ ಆರಿಸಿಕೊಳ್ಳುವುದು ಅದಕ್ಕೇ.