ವರ್ಷದ ಮಧ್ಯೆ ಹೆಚ್ಚುವರಿ ಅನುದಾನ ಕೇಳುವ ಟಿಪ್ಪಣಿ ಬರೆಯುವುದು ಹೇಗೆ?

ಪ್ರಶ್ನೆ: ಸಾಗರ ತಾಲ್ಲೂಕಿನ ಆರೋಗ್ಯ ಕಚೇರಿಯಲ್ಲಿ ಎಫ್‌ಡಿಎ ಆಗಿದ್ದೇನೆ. ಸೆಪ್ಟೆಂಬರ್ ಮುಗಿಯುವಷ್ಟರಲ್ಲೇ ಸಾರಿಗೆ ವೆಚ್ಚದ ದುಡ್ಡು ಮುಕ್ಕಾಲು ಪಾಲು ಖರ್ಚಾಗಿದೆ. ಹೆಚ್ಚುವರಿ ಅನುದಾನಕ್ಕೆ ಟಿಪ್ಪಣಿ ಹಾಕಿ ಅಂತ ಸಾಹೇಬರು ಹೇಳಿದ್ದಾರೆ. ಕಾರಣ ಏನು ಬರೆಯಬೇಕು, ಉಳಿತಾಯ ಹೇಗೆ ತೋರಿಸಬೇಕು, ಮಂಜೂರಾತಿ ಯಾರಿಂದ?

ಉತ್ತರ:

ಟಿಪ್ಪಣಿ ಬರೆಯುವ ಮೊದಲು ಖಜಾನೆ-2ರಲ್ಲಿ ಒಂದು ವಿಷಯ ಖಚಿತ ಮಾಡಿಕೊಳ್ಳಿ. ಮುಗಿದಿರುವುದು ವರ್ಷದ ಹಂಚಿಕೆಯೋ, ಅಥವಾ ಈವರೆಗೆ ಬಿಡುಗಡೆಯಾದ ಕಂತು ಮಾತ್ರವೋ? ಕಂತು ಮುಗಿದಿದ್ದರೆ ಬೇಕಾಗಿರುವುದು ಬಿಡುಗಡೆ ಕೋರುವ ಒಂದು ಪತ್ರ ಅಷ್ಟೇ. ಹೆಚ್ಚುವರಿ ಅನುದಾನದ ಕಡತ ತೆರೆದರೆ ಜಿಲ್ಲಾ ಕಚೇರಿಯಿಂದಲೇ ವಾಪಸ್ ಬರುತ್ತದೆ.

ಹಂಚಿಕೆಯೇ ಸಾಲದು ಎಂದಾದರೆ ಲೆಕ್ಕ ಹಾಕೋಣ. ಮೊತ್ತಗಳು ಉದಾಹರಣೆಗೆ. 195 ಸಾರಿಗೆ ವೆಚ್ಚದಲ್ಲಿ ವರ್ಷಕ್ಕೆ ₹6,00,000 ಬಂದಿದೆ, ಸೆಪ್ಟೆಂಬರ್ ಕೊನೆಗೆ ₹4,20,000 ಖರ್ಚಾಗಿದೆ. ಆರು ತಿಂಗಳಿಗೆ 4.2 ಲಕ್ಷ ಆಯಿತು, ಇನ್ನಾರು ತಿಂಗಳಿಗೂ ಅಷ್ಟೇ ಬೇಕು ಎಂದು ಬರೆಯುವುದು ಎಲ್ಲರೂ ಮಾಡುವ ತಪ್ಪು. ಆ 4.2 ಲಕ್ಷದೊಳಗೆ ಕಳೆದ ಮಾರ್ಚ್‌ನ ಬಾಕಿ ಬಿಲ್ಲು ₹60,000, ಒಂದು ಜೀಪಿನ ಎಂಜಿನ್ ಕೆಲಸ ₹75,000 ಸೇರಿದ್ದರೆ, ಅವು ಮತ್ತೆ ಬರುವ ಖರ್ಚಲ್ಲ. ನಿಜವಾದ ಓಡಾಟದ ಖರ್ಚು ₹2,85,000.

ಹಾಗಾಗಿ ಮುಂದಿನದನ್ನು ಕಿಲೋಮೀಟರಿನಿಂದ ಕಟ್ಟಿ. ಎರಡು ವಾಹನ, ಅಕ್ಟೋಬರ್‌-ನವೆಂಬರ್‌ನಲ್ಲಿ ತಿಂಗಳಿಗೆ ತಲಾ 1,800 ಕಿ.ಮೀ.; ಮಂಗನ ಕಾಯಿಲೆಯ ಕಣ್ಗಾವಲು ಬಿರುಸಾಗುವ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ತಲಾ 2,700. ಒಟ್ಟು 28,800 ಕಿ.ಮೀ. ಲೀಟರಿಗೆ 9 ಕಿ.ಮೀ.ನಂತೆ 3,200 ಲೀಟರ್, ₹90ರ ದರದಲ್ಲಿ ₹2,88,000. ಸರ್ವಿಸ್, ಟೈರಿಗೆ ₹42,000 ಸೇರಿಸಿದರೆ ₹3,30,000. ಕೈಯಲ್ಲಿರುವುದು ₹1,80,000, ಅದರಲ್ಲಿ ಪೆಟ್ರೋಲ್ ಬಂಕಿಗೆ ಕೊಡಬೇಕಾದ ಬಿಲ್ಲು ₹30,000. ಓಡಾಟಕ್ಕೆ ಉಳಿಯುವುದು ₹1,50,000, ಕೊರತೆ ₹1,80,000. ಲೀಟರಿಗೆ 9 ಎನ್ನುವುದು ನಿಮ್ಮ ಲಾಗ್ ಪುಸ್ತಕದ ಸರಾಸರಿಯೇ ಆಗಿರಬೇಕು. ಘಟ್ಟದ ರಸ್ತೆಯಲ್ಲಿ ಎಂಟೂವರೆ ಬರುತ್ತಿದ್ದರೆ ಎಂಟೂವರೆ ಬರೆಯಿರಿ, ಲಾಗ್ ಪುಸ್ತಕದ ಮೂರು ತಿಂಗಳ ಪುಟಗಳ ನಕಲು ಲಗತ್ತಿಸಿ.

ಕಾರಣದ ಪ್ಯಾರಾ ಒಂದೇ ಪ್ರಶ್ನೆಗೆ ಉತ್ತರ ಕೊಡಬೇಕು: ಆಯವ್ಯಯ ಅಂದಾಜು ಕಳಿಸುವಾಗ ಇದು ಯಾಕೆ ಗೊತ್ತಿರಲಿಲ್ಲ? "ಕೆಲಸ ಹೆಚ್ಚಿದೆ, ಡೀಸೆಲ್ ದರ ಏರಿದೆ" ಎಂಬ ಸಾಲಿಗೆ ಬೆಲೆ ಇಲ್ಲ. ಮಂಗನ ಕಾಯಿಲೆಯೂ ತಾನೇ ಹೊಸ ಕಾರಣವಾಗದು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ರೋಗ, ಪ್ರತಿ ಬೇಸಿಗೆಯೂ ಅದರ ಭಯ ಇದ್ದದ್ದೇ. ಅಂದಾಜು ಕಳಿಸಿದ ಮೇಲೆ ಇಷ್ಟು ಹೊಸ ಊರುಗಳನ್ನು ಕಣ್ಗಾವಲಿಗೆ ಸೇರಿಸಿ ಆದೇಶ ಬಂದಿದೆ, ಅದರಿಂದ ತಿಂಗಳಿಗೆ ಇಷ್ಟು ಕಿ.ಮೀ. ಹೆಚ್ಚಿದೆ ಎಂದು ತೋರಿಸಿದರೆ ಅದು ಕಾರಣ. ಆದೇಶದ ಸಂಖ್ಯೆ, ದಿನಾಂಕ ಇರಲಿ. ನಿಮ್ಮ ತಾಲ್ಲೂಕಿಗೆ ಇನ್ನೊಂದು ಪ್ರಶ್ನೆಯೂ ಬರುತ್ತದೆ. ಜುಲೈ 2025ರಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದಿದೆ. ತುಮರಿ ಕಡೆಗೆ ಹೋಗಲು ಈಗ ಲಾಂಚ್ ಕಾಯಬೇಕಿಲ್ಲ, ಸುತ್ತು ಹಾಕಬೇಕಿಲ್ಲ, ಹಾಗಿರುವಾಗ ಓಡಾಟದ ಖರ್ಚು ಇಳಿಯಬೇಕಲ್ಲ ಎಂದು ಊರು ಬಲ್ಲವರು ಕೇಳಿಯೇ ಕೇಳುತ್ತಾರೆ. ಆ ಕಡೆಯ ದಾರಿ ಎಷ್ಟು ಕಡಿಮೆಯಾಗಿದೆ ಎಂಬುದನ್ನು ನೀವೇ ಲೆಕ್ಕದಲ್ಲಿ ಕಳೆದು ತೋರಿಸಿ.

ಇನ್ನು ಉಳಿತಾಯ. ಕಡತ ನಿಲ್ಲುವುದೂ ಬೀಳುವುದೂ ಇಲ್ಲೇ. "ಯಾವುದೇ ಉಳಿತಾಯ ಇರುವುದಿಲ್ಲ" ಎಂದು ರೂಢಿಯಂತೆ ಬರೆದುಬಿಡುತ್ತಾರೆ. ಮೇಲಿನವರು ಖಜಾನೆ-2 ತೆರೆದರೆ ನಿಮ್ಮ ಎಲ್ಲ ಶೀರ್ಷಿಕೆಗಳ ಶಿಲ್ಕು ಕಾಣುತ್ತದೆ. ಒಂದು ಸುಳ್ಳು ಸಿಕ್ಕಿದರೆ ಉಳಿದ ಅಂಕಿಗಳನ್ನೂ ನಂಬುವುದಿಲ್ಲ. ಹಾಗೆಂದು ಶಿಲ್ಕನ್ನೆಲ್ಲ ಉಳಿತಾಯ ಎನ್ನುವುದೂ ಅಷ್ಟೇ ಅಪಾಯ. 051 ಸಾಮಾನ್ಯ ವೆಚ್ಚದಲ್ಲಿ ₹1,60,000 ಶಿಲ್ಕಿದೆ ಎನ್ನಿ. ಕಳೆದ ಮೂರು ವರ್ಷಗಳ ಅಕ್ಟೋಬರ್–ಮಾರ್ಚ್ ಖರ್ಚು ತೆಗೆದು ನೋಡಿದರೆ ದೂರವಾಣಿ, ಲೇಖನ ಸಾಮಗ್ರಿ, ಮುದ್ರಣಕ್ಕೆ ಸುಮಾರು ₹1,00,000 ಬೇಕು. ಆರ್ಡರ್ ಕೊಟ್ಟು ಬಿಲ್ಲು ಬರಬೇಕಾದದ್ದು ₹20,000. ಉಳಿಯುವುದು ₹40,000. ಅದೇ ನಿಜವಾದ ಉಳಿತಾಯ, ನಿಮ್ಮ ನಿವ್ವಳ ಬೇಡಿಕೆ ₹1,40,000.

ಖಾಲಿ ಹುದ್ದೆಗಳ ಸಂಬಳದ ಉಳಿತಾಯವನ್ನು ಬೇರೆ ಸಾಲಿನಲ್ಲಿ ತೋರಿಸಿ, ಇದರಲ್ಲಿ ಕಳೆಯಬೇಡಿ. ಸಂಬಳದಿಂದ ಡೀಸೆಲ್‌ಗೆ ಹಣ ತಿರುಗಿಸುವುದು ಆರ್ಥಿಕ ಇಲಾಖೆ ನಿರ್ಧರಿಸುವ ಮಾತು. ಅದರಲ್ಲೂ ಈಗಾಗಲೇ ಕಳೆದ ತಿಂಗಳುಗಳದ್ದು ಮಾತ್ರ ಖಚಿತ. ನವೆಂಬರ್‌ನಲ್ಲಿ ಯಾರಾದರೂ ವರ್ಗವಾಗಿ ಬಂದು ಸೇರಿದರೆ, ತುಟ್ಟಿಭತ್ಯೆ ಬಾಕಿ ಕೊಡಬೇಕಾಗಿ ಬಂದರೆ, ಉಳಿತಾಯ ಎಂದು ತೋರಿಸಿದ ಹಣವನ್ನೇ ಫೆಬ್ರವರಿಯಲ್ಲಿ ಸಂಬಳಕ್ಕೆಂದು ಕೇಳಬೇಕಾಗುತ್ತದೆ.

ಟಿಪ್ಪಣಿಯ ಮುಖ್ಯ ಪ್ಯಾರಾ ಹೀಗಿರಲಿ: "195-ಸಾರಿಗೆ ವೆಚ್ಚದಡಿ ಮಾರ್ಚ್ ಅಂತ್ಯದವರೆಗೆ ₹1,80,000 ಕೊರತೆಯಾಗಲಿದ್ದು, 051-ಸಾಮಾನ್ಯ ವೆಚ್ಚದಡಿ ನಿರೀಕ್ಷಿತ ಉಳಿತಾಯ ₹40,000ನ್ನು ಪುನರ್ವಿನಿಯೋಗ ಮಾಡಿ, ಉಳಿದ ₹1,40,000ನ್ನು ಜಿಲ್ಲೆಯ ಇತರೆ ಕಚೇರಿಗಳ ಇದೇ ಶೀರ್ಷಿಕೆಯ ಉಳಿತಾಯದಿಂದ ಮರುಹಂಚಿಕೆ ಮಾಡಲು, ಅದು ಸಾಧ್ಯವಾಗದಿದ್ದಲ್ಲಿ ಪೂರಕ ಅಂದಾಜಿನಲ್ಲಿ ಸೇರಿಸಲು ಕೋರಿದೆ."

ಈ ಮೂರು ಕೋರಿಕೆಗಳಲ್ಲೇ ಮಂಜೂರಾತಿಯ ದಾರಿಯೂ ಇದೆ. ಅದೇ ಶೀರ್ಷಿಕೆಯಲ್ಲಿ ಪಕ್ಕದ ತಾಲ್ಲೂಕಿನ ಹಣ ನಿಮಗೆ ಕೊಡುವುದು ನಿಯಂತ್ರಣಾಧಿಕಾರಿಯ ಮಟ್ಟದಲ್ಲಿ ಮುಗಿಯುವ ಕೆಲಸ. ಇಂಥ ಸಣ್ಣ ಮೊತ್ತ ಬಹುಪಾಲು ಇಲ್ಲೇ ಬಗೆಹರಿಯಬೇಕು. ಶೀರ್ಷಿಕೆಯಿಂದ ಶೀರ್ಷಿಕೆಗೆ ತಿರುಗಿಸುವುದು ಪುನರ್ವಿನಿಯೋಗ. ಅದು ಒಂದೇ ಬೇಡಿಕೆಯೊಳಗೆ ಇರಬೇಕು, ಬಂಡವಾಳದಿಂದ ರಾಜಸ್ವಕ್ಕೆ ಬರುವಂತಿಲ್ಲ, ಮಾರ್ಚ್ 31ರೊಳಗೆ ಆದೇಶ ಆಗಬೇಕು. ಎರಡೂ ಸಾಲದಾಗ ಮಾತ್ರ ಸಂವಿಧಾನದ 205ನೇ ವಿಧಿಯ ಪೂರಕ ಬೇಡಿಕೆ. ನಿಮ್ಮ ಕಡತ ಜಿಲ್ಲಾ ಆರೋಗ್ಯಾಧಿಕಾರಿಯಿಂದ ಇಲಾಖೆಯ ಮುಖ್ಯಸ್ಥರಿಗೆ, ಅಲ್ಲಿಂದ ಸಚಿವಾಲಯದ ಆರೋಗ್ಯ ಇಲಾಖೆಗೆ, ಆಮೇಲೆ ಆರ್ಥಿಕ ಇಲಾಖೆಗೆ ಹೋಗುತ್ತದೆ. ಅಲ್ಲಿ ಎಲ್ಲ ಇಲಾಖೆಗಳದ್ದೂ ಒಟ್ಟಾಗಿ ಸಂಪುಟದ ಮುಂದೆ, ನಂತರ ಸದನದಲ್ಲಿ ಮತಕ್ಕೆ, ಕೊನೆಗೆ ಧನವಿನಿಯೋಗ ವಿಧೇಯಕವಾಗಿ ರಾಜ್ಯಪಾಲರ ಅಂಕಿತಕ್ಕೆ. ನಿಮ್ಮ ಹಂಚಿಕೆ ಜಿಲ್ಲಾ ವಲಯದ್ದಾದರೆ ಜಿಲ್ಲಾ ಪಂಚಾಯಿತಿಯ ಮುಖ್ಯ ಲೆಕ್ಕಾಧಿಕಾರಿ, ಸಿಇಒ ಅವರ ಮೂಲಕವೇ ಹೋಗಬೇಕು. ರಾಜ್ಯ ವಲಯವೋ ಜಿಲ್ಲಾ ವಲಯವೋ ಎಂಬುದನ್ನು ಹಂಚಿಕೆ ಆದೇಶದ ಲೆಕ್ಕಶೀರ್ಷಿಕೆಯಲ್ಲೇ ನೋಡಿ. ತಪ್ಪು ಬಾಗಿಲಿಗೆ ಹೋದ ಕಡತ ತಿರುಗಿ ಬರುವಷ್ಟರಲ್ಲಿ ಒಂದು ತಿಂಗಳು ಕಳೆದಿರುತ್ತದೆ.

ಪೂರಕ ಅಂದಾಜು ಕಂತುಗಳಲ್ಲಿ ಮಂಡನೆಯಾಗುತ್ತದೆ. ಬೆಳಗಾವಿಯ ಚಳಿಗಾಲದ ಅಧಿವೇಶನದ ಕಂತಿಗೆ ಸೇರಬೇಕಾದರೆ ತಾಲ್ಲೂಕಿನಿಂದ ಅಕ್ಟೋಬರ್ ಮೊದಲ ವಾರದಲ್ಲೇ ಹೊರಡಲಿ. ಕೊನೆಯ ಕಂತಿನಲ್ಲಿ ಸಿಕ್ಕ ಹಣ ವರ್ಷ ಮುಗಿಯಲು ಕೆಲವೇ ವಾರ ಇರುವಾಗ ಕೈಗೆ ಬರುತ್ತದೆ, ಅಷ್ಟರಲ್ಲಿ ಕಣ್ಗಾವಲಿನ ಓಡಾಟ ಮುಕ್ಕಾಲು ಮುಗಿದಿರುತ್ತದೆ. ಖರ್ಚಾಗದೆ ಉಳಿದದ್ದು ರದ್ದಾಗುತ್ತದೆ. ಮೂಲ ಅನುದಾನವೇ ಪೂರ್ತಿ ಖರ್ಚಾಗದಿದ್ದರೂ ಪೂರಕ ಅನುದಾನ ಪಡೆದದ್ದು ಅನಗತ್ಯ ಎಂದು ಮಹಾಲೇಖಪಾಲರ ವರದಿಗಳು ಮತ್ತೆ ಮತ್ತೆ ಆಕ್ಷೇಪಿಸುತ್ತವೆ. ಆದ್ದರಿಂದ "ಇರಲಿ" ಎಂದು ಮೊತ್ತವನ್ನು ಎರಡು ಲಕ್ಷಕ್ಕೆ ಏರಿಸಬೇಡಿ.

ಮಂಜೂರಾತಿ ಬರುವ ಮೊದಲೇ ಬಂಕಿನಲ್ಲಿ ಸಾಲದ ಮೇಲೆ ಡೀಸೆಲ್ ಹಾಕಿಸಿ, ಆಮೇಲೆ ಬಿಲ್ಲು ಮಾಡೋಣ ಎನ್ನುವ ಸಲಹೆ ಯಾರಾದರೂ ಕೊಡಬಹುದು. ಅನುದಾನ ಇಲ್ಲದೆ ಹೊಣೆ ಹುಟ್ಟಿಸಿದರೆ ಖಜಾನೆಯಲ್ಲಿ ಬಿಲ್ಲು ಪಾಸಾಗದು, ಆಕ್ಷೇಪಣೆ ಬರುವುದು ಬಟವಾಡೆ ಅಧಿಕಾರಿಯ ಮೇಲೆ. ಅದರ ಬದಲು ಈ ವಾರವೇ ಎರಡು ವಾಹನಗಳ ಓಡಾಟಕ್ಕೆ ಆದ್ಯತೆಯ ಪಟ್ಟಿ ಮಾಡಿ, ಇರುವ ₹1,50,000 ಡಿಸೆಂಬರ್ ಕೊನೆವರೆಗೆ ಸಾಗುವಂತೆ ಸಾಹೇಬರ ಸಹಿ ಹಾಕಿಸಿ, ಆ ಪಟ್ಟಿಯನ್ನೂ ಟಿಪ್ಪಣಿಗೆ ಲಗತ್ತಿಸಿ.