ಕರ್ಣದ ಅಂಕಿಗೆ ಒಂದು ಕೂಡಿಸಿದರೆ ಸಾಲದೇ?

«0 ಮತ್ತು 1ರ ನಡುವಿನ ವಾಸ್ತವ ಸಂಖ್ಯೆಗಳನ್ನು ಪಟ್ಟಿ ಮಾಡಲಾಗದು ಎಂದು ತೋರಿಸಲು ಪಟ್ಟಿಯಲ್ಲಿಲ್ಲದ ಸಂಖ್ಯೆಯೊಂದನ್ನು ಕಟ್ಟಹೊರಟೆ: ಕರ್ಣದ, ಅಂದರೆ 1ನೇ ಸಾಲಿನ 1ನೇ, 2ನೇ ಸಾಲಿನ 2ನೇ, ಹೀಗೆ ಪ್ರತಿ ಅಂಕಿಗೆ 1 ಕೂಡಿಸಿದೆ, 9 ಇದ್ದಲ್ಲಿ 0 ಬರೆದೆ. ಸಾಧನೆಯಲ್ಲಿ ತೂತಿದೆ ಎಂದರು. ಎಲ್ಲಿ?»

ತೂತು ಬಹುಶಃ 9ನ್ನು 0 ಮಾಡಿದಲ್ಲಿದೆ. 0.3999… ಮತ್ತು 0.4000… ಬರಹದಲ್ಲಿ ಬೇರೆ, ಸಂಖ್ಯೆಯಾಗಿ ಒಂದೇ. ಅಂಕಿ ಬೇರೆಯಾದ ಮಾತ್ರಕ್ಕೆ ಸಂಖ್ಯೆ ಬೇರೆಯಾಗಬೇಕಿಲ್ಲ.

ಈ ಪಟ್ಟಿಗೆ ನಿಮ್ಮ ನಿಯಮ ಹಚ್ಚಿ ನೋಡಿ:

```
1: 0.3999…
2: 0.1900…
3: 0.0090…
4: 0.0009…
```

ಮುಂದಿನ ಸಾಲುಗಳಲ್ಲೂ ಕರ್ಣದ ಅಂಕಿ 9 ಎಂದೇ ಇರಲಿ. ಮೊದಲ ಅಂಕಿ 3 ಹೋಗಿ 4 ಆಗುತ್ತದೆ, ಉಳಿದವೆಲ್ಲ 0. ಸಿಕ್ಕಿದ್ದು 0.4000…, ಅಂದರೆ ಪಟ್ಟಿಯ ಮೊದಲ ಸಂಖ್ಯೆಯೇ! ಹೊಸದೇನೂ ಹುಟ್ಟಲಿಲ್ಲ.

ಮೊದಲು ನಿಯಮ ಬದಲಿಸಿ: n‑ನೇ ಸಾಲಿನ n‑ನೇ ಅಂಕಿ 5 ಆಗಿದ್ದರೆ 4 ಬರೆಯಿರಿ, ಬೇರೇನಾದರೂ ಆಗಿದ್ದರೆ 5. ಮೇಲಿನ ಪಟ್ಟಿಗೆ ಈಗ 0.5555… ಬರುತ್ತದೆ. ಆಮೇಲೆ ಒಂದು ವಾಕ್ಯ ಸೇರಿಸಿ, ಇದನ್ನು ಬಿಡಬೇಡಿ: ಎರಡು ದಶಮಾಂಶ ರೂಪಗಳಿರುವುದು ಕೊನೆಯಿಲ್ಲದ 0 ಅಥವಾ 9ರ ಸಾಲಿನಲ್ಲಿ ಮುಗಿಯುವ ಸಂಖ್ಯೆಗಳಿಗೆ ಮಾತ್ರ, 4, 5 ಮಾತ್ರವಿರುವ ಸಂಖ್ಯೆಗೆ ಒಂದೇ ರೂಪ. ಆದ್ದರಿಂದ n‑ನೇ ಸ್ಥಾನದಲ್ಲಿ ಬೇರೆಯಾದ ಅದು n‑ನೇ ಸಂಖ್ಯೆಗೆ ಸಮವಾಗಲಾರದು, n ಯಾವುದೇ ಆಗಿರಲಿ.

ನಿಮ್ಮ ನಿಯಮವನ್ನೇ ಉಳಿಸಿಕೊಳ್ಳಬಹುದು, ಪಟ್ಟಿಯಲ್ಲಿ 999… ಬಾಲದ ರೂಪ ಬರೆಯುವುದಿಲ್ಲ ಎಂದು ಮೊದಲೇ ಷರತ್ತು ಹಾಕಿದರೆ. ಆದರೆ ಆಗ ನಿಮ್ಮ ಹೊಸ ಸಂಖ್ಯೆಯೇ 9ರ ಬಾಲ ಹೊತ್ತು ಬರುವ ಸಂದರ್ಭವನ್ನು ಪ್ರತ್ಯೇಕವಾಗಿ ಪರಿಶೀಲಿಸಬೇಕಾಗುತ್ತದೆ. 4–5 ನಿಯಮಕ್ಕೆ ಆ ತಲೆನೋವಿಲ್ಲ.