ನಿಲ್ಲಿಸುವ ಗಂಟೆಯಲ್ಲ, ಶುರುಮಾಡುವ ಗಂಟೆ

'ಬದಿಯಡ್ಕ ಹತ್ತಿರದ ನಮ್ಮ ಶಾಲೆಯ ಪಿಟಿಎ ಸಭೆಯಲ್ಲಿ, ಹರೆಯದ ಮಕ್ಕಳ ಹತ್ತಿರ ಜಗಳವಿಲ್ಲದೆ ಮೊಬೈಲಿನ ಮಾತು ಎತ್ತುವುದು ಹೇಗೆ ಅಂತ ಕಾಲು ಗಂಟೆ ಮಾತಾಡಬೇಕು. ನನ್ನ ಮನೆಯಲ್ಲೇ ಒಂಬತ್ತನೇ ಕ್ಲಾಸಿನ ಮಗನ ಜೊತೆ ದಿನಾ ರಾತ್ರಿ ಜಗಳ. ಏನು ಹೇಳಲಿ?'
- ಓದುಗರೊಬ್ಬರು, ಕಾಸರಗೋಡು

ಆ ಜಗಳವನ್ನೇ ಹೇಳಿ. ಮೊಬೈಲಿನ ಕೆಡುಕುಗಳ ಪಟ್ಟಿ ಓದಿದರೆ ಸಭೆ ಆಕಳಿಸುತ್ತದೆ.

ರಾತ್ರಿ ಹತ್ತಕ್ಕೆ ನೀವು 'ಸಾಕು, ಇಡು' ಅನ್ನುತ್ತೀರಿ. ಅವನು 'ಐದು ನಿಮಿಷ' ಅನ್ನುತ್ತಾನೆ. ಅದು ಸುಳ್ಳೇ ಆಗಬೇಕಿಲ್ಲ. ನಾಲ್ಕು ಜನ ತಂಡ ಕಟ್ಟಿ ಆಡುವ, ಗುಂಡು ಹಾರಿಸುವ ಮೊಬೈಲ್ ಆಟದಲ್ಲಿ ಒಂದು ಸುತ್ತಿಗೆ ಅರ್ಧ ಗಂಟೆ ಹಿಡಿಯುವುದುಂಟು. ನಡುವೆ ಎದ್ದರೆ ಉಳಿದ ಮೂವರು ಗೆಳೆಯರು ಸೋಲುತ್ತಾರೆ, ಮರುದಿನ ಬಸ್ಸಿನಲ್ಲಿ ಬೈಗುಳ ತಪ್ಪದು. ನಾನೂ ಒಮ್ಮೆ ಹೀಗೆ ನಡುವೆ ಕಿತ್ತುಕೊಂಡಿದ್ದೆ. ಮೂರು ದಿನ ಮನೆಯಲ್ಲಿ ಮಾತಿಲ್ಲ.

ಆದ್ದರಿಂದ ಮಾತು ರಾತ್ರಿ ಹತ್ತಕ್ಕೆ ಬೇಡ. ಭಾನುವಾರ ಸಂಜೆ ಅಡಿಕೆ ಸುಲಿಯುವಾಗ ಎತ್ತಿ. ಕೈಗೆ ಕೆಲಸ ಇರುತ್ತದೆ, ಮುಖ ನೋಡಿಕೊಂಡು ಕೂರಬೇಕಿಲ್ಲ. ಮನೆಯಲ್ಲಿ ಆಡುವ ತುಳುವಿನಲ್ಲೋ ಹವ್ಯಕದಲ್ಲೋ ಕೇಳಿ, ಭಾಷಣದ ಕನ್ನಡ ಬೇಡ. ಮೊದಲು ಪ್ರಶ್ನೆ: 'ಒಂದು ಸುತ್ತಿಗೆ ಎಷ್ಟು ಹೊತ್ತು ಬೇಕು ಮಗಾ?' ಅವನು ಅರ್ಧ ಗಂಟೆ ಅಂದರೆ, 'ಹಾಗಾದ್ರೆ ಹತ್ತಕ್ಕೆ ಮಲಗಲು ಕೊನೆಯ ಸುತ್ತು ಎಷ್ಟಕ್ಕೆ ಶುರು ಮಾಡಬಹುದು?' ಹಾಸಿಗೆ ಸೇರಲು ಕಾಲು ಗಂಟೆ ಬಿಟ್ಟು ಲೆಕ್ಕ ಅವನೇ ಹಾಕಲಿ. ಒಂಬತ್ತೂಕಾಲು ಅಂತ ಅವನ ಬಾಯಿಂದಲೇ ಬಂದರೆ ನಿಮಗೆ ಕಾವಲು ಕೆಲಸ ಕಡಿಮೆ. ಒಂಬತ್ತೂಕಾಲರ ನಂತರ ಹೊಸ ಸುತ್ತು ಇಲ್ಲ, ಶುರುವಾದದ್ದನ್ನು ನೀವು ತಡೆಯುವುದಿಲ್ಲ. ತಪ್ಪಿದರೆ ಏನು ಅನ್ನುವುದೂ ಅಲ್ಲೇ ತೀರ್ಮಾನವಾಗಲಿ. ಮರುದಿನ ಒಂದು ಸುತ್ತು ಕಡಿಮೆ, ಅಷ್ಟೇ. ತಿಂಗಳಿಡೀ ಬೀಗ ಹಾಕಿದರೆ ಗೆಳೆಯನ ಫೋನಿನಲ್ಲಿ ಆಡುತ್ತಾನೆ, ನಿಮಗೆ ಹೇಳುವುದಿಲ್ಲ.

ಒಂದು ವಾರ ನೋಡಿ ಮತ್ತೆ ಮಾತಾಡಿ. ಮೊದಲ ಎರಡು ರಾತ್ರಿ ತಪ್ಪಿಯೇ ತಪ್ಪುತ್ತಾನೆ ಅಂತ ಇಟ್ಟುಕೊಳ್ಳಿ.

ಚಿಕ್ಕ ವಿಡಿಯೋ ನೋಡುವ ಮಕ್ಕಳಿಗೆ ಈ ಉಪಾಯ ಹಿಡಿಯುವುದಿಲ್ಲ. ಅಲ್ಲಿ ಸುತ್ತು ಮುಗಿಯುವುದೇ ಇಲ್ಲ, ಒಂದರ ಹಿಂದೆ ಇನ್ನೊಂದು ಬರುತ್ತದೆ. ಅವರಿಗೆ ಅಲಾರಾಂ ಬೇಕು, ರಾತ್ರಿ ಫೋನು ಚಾವಡಿಯಲ್ಲಿ ಚಾರ್ಜಿಗೆ ಇರಬೇಕು. ಅಪ್ಪ ಅಮ್ಮಂದಿರ ಫೋನೂ ಅಲ್ಲೇ. ಇಲ್ಲದಿದ್ದರೆ 'ನೀವು ಮಾತ್ರ?' ಅನ್ನುತ್ತಾರೆ, ನ್ಯಾಯವೇ ಅಲ್ವಾ?

ಆದರೆ ಮಗು ಫೋನು ಬಂದಾಗಲೆಲ್ಲ ಬೆದರುತ್ತಿದ್ದರೆ, ಊಟ ನಿದ್ದೆ ಬಿಟ್ಟಿದ್ದರೆ, ಅದು ಗಂಟೆಯ ಲೆಕ್ಕದ ವಿಷಯ ಅಲ್ಲ. ಯಾರೋ ಹೆದರಿಸುತ್ತಿರಬಹುದು. ಬೈಯದೆ ಕೇಳಿ. ಮಕ್ಕಳ ಸಹಾಯವಾಣಿ 1098 ಇದೆ, ಆ ಸಂಖ್ಯೆಯನ್ನು ಬೋರ್ಡಿನಲ್ಲಿ ಬರೆಯಿರಿ.

ಇನ್ನು ನಮ್ಮ ಕಡೆ ಒಂದು ಪ್ರಶ್ನೆ ಬಂದೇ ಬರುತ್ತದೆ: 'ಇವರ ಅಪ್ಪ ದುಬೈಯಲ್ಲಿ, ಕರೆ ಬರುವುದೇ ರಾತ್ರಿ ಹತ್ತಕ್ಕೆ.' ಅಲ್ಲಿ ಆಗ ಎಂಟೂವರೆ, ಕೆಲಸ ಮುಗಿಸಿ ರೂಮಿಗೆ ಬಂದಿರುತ್ತಾರೆ, ಪಾಪ. ಆ ಕರೆ ಅಮ್ಮನ ಫೋನಿಗೇ ಬರಲಿ, ಚಾವಡಿಯಲ್ಲೇ ಎಲ್ಲರೂ ಸೇರಿ ಮಾತಾಡಲಿ. ಒಂಬತ್ತೂಕಾಲರ ಒಪ್ಪಂದವನ್ನು ಅವರಿಗೂ ಮೊದಲೇ ಹೇಳಿಟ್ಟಿರಿ, ಅಲ್ಲಿಂದ 'ಇನ್ನೊಂದು ಆಟ ಆಡಲಿ ಬಿಡು' ಅನ್ನದ ಹಾಗೆ.